ಹೆಬ್ಬೆರಳ ಬುಡದ ನೋವಿಗೆ ಹಾಕಿಸಿದ ಇಂಜೆಕ್ಷನ್ ಅರ್ಧಕ್ಕೇ ನಿಂತೈತಿ. ಎರಡನೇದು ಹಾಕಿಸ್ಲಾ, ಆಪರೇಷನ್ ಮಾಡಿಸ್ಲಾ?

ಟೈಲರ್ ಮಂಜುಳಾ, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಿಟ್ಟುವಳ್ಳೀಲಿ ಮನೇಲೇ ಟೈಲರಿಂಗ್ ಮಾಡ್ತೀನಿ, ವಯಸ್ಸು 41. ಏಳು ತಿಂಗಳಿಂದ ಬಲಗೈ ಮಣಿಕಟ್ಟಲ್ಲಿ, ಹೆಬ್ಬೆರಳ ಕಡೆ ಎಲುಬು ಉಬ್ಬಿರುತ್ತಲ್ಲ, ಅಲ್ಲಿ ನೋವು. ಲಗ್ನದ ಸೀಸನ್ನಾಗೆ ದಿನಕ್ಕೆ ಎಂಟು ಹತ್ತು ಬ್ಲೌಸ್ ಕಟಿಂಗ್ ಮಾಡ್ತಿದ್ದೆ, ಅಲ್ಲಿಂದ ಶುರುವಾಯ್ತು. ದೊಡ್ಡ ಕತ್ತರಿ ಬಾಯಿ ತೆಗೆಯೋವಾಗ ಚಳಕ್ ಅಂತೈತಿ. ಒದ್ದೆ ಬಟ್ಟೆ ಹಿಂಡೋಕಾಗಲ್ಲ. ಹಾಲಿನ ಪಾತ್ರೆ ಎತ್ತಿ ಬಗ್ಗಿಸಿದ್ರೆ ಕಣ್ಣಾಗೆ ನೀರು ಬರ್ತಾವೆ.

ಮೂಳೆ ಡಾಕ್ಟರ್ ಕೈ ಹಿಡಿದು ಬಗ್ಗಿಸಿ ನೋಡಿ ಡಿ ಕ್ವೆರ್ವೇನ್ ಅಂದ್ರು. ಹೆಬ್ಬೆರಳಿಗೂ ಸೇರಿಸಿ ಕಟ್ಟೋ ಸ್ಪ್ಲಿಂಟ್ ಕೊಟ್ರು. ನಾಲ್ಕು ವಾರ ಹಾಕ್ಕೊಂಡೆ, ಕಟಿಂಗ್ ಮಾಡೋವಾಗ ಮಾತ್ರ ಬಿಚ್ಚಿಡ್ತಿದ್ದೆ. ಕಡಿಮೆ ಆಗ್ಲಿಲ್ಲ. ಒಂಬತ್ತು ವಾರದ ಹಿಂದೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿದ್ರು. ನೋವು ಅರ್ಧ ಇಳೀತು, ಐದು ವಾರ ಹಂಗೇ ಇತ್ತು, ಈಗ ಮತ್ತೆ ಏರೈತಿ. ಸೂಜಿ ಚುಚ್ಚಿದ ಜಾಗದಾಗೆ ಎಂಟಾಣೆ ಅಗಲ ಚರ್ಮ ಬೆಳ್ಳಗಾಗೈತಿ, ಒಂಚೂರು ಒಳಗೂ ಕುಸಿದೈತಿ. ಇನ್ನೊಂದು ಇಂಜೆಕ್ಷನ್ ನೋಡೋಣ, ಇಲ್ಲಾಂದ್ರೆ ಸಣ್ಣ ಆಪರೇಷನ್ ಅಂತಿದಾರೆ. ನಮ್ಮತ್ತೆ ಇದು ಉಳುಕು, ಎಣ್ಣೆ ಹಾಕಿ ತಿಕ್ಕೋರ ಹತ್ರ ಹೋಗು ಅಂತಾರೆ. ಅನುಭವ ಇದ್ದೋರು ಹೇಳ್ರಿ.

ಚನ್ನಗಿರಿ ಸಂತೋಷ
ಆಪರೇಷನ್ ಬೇಡ್ರಿ ಅಕ್ಕ. ಒಮ್ಮೆ ಕೈ ಕೊಯ್ಸಿದ್ರೆ ಮೊದಲಿನಂಗೆ ಆಗಲ್ಲ.

ಜಗಳೂರು ಪ್ರವೀಣ
ಇದಕ್ಕೆ ಮನೇಲೇ ಟೆಸ್ಟ್ ಐತಿ. ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ಕಟ್ಟಿ, ಕಿರುಬೆರಳ ಕಡೆ ಕೈ ಬಗ್ಗಿಸ್ರಿ. ನೋವಾಯ್ತು ಅಂದ್ರೆ ಅದೇ ರೋಗ. ಫಿಂಕೆಲ್‌ಸ್ಟೀನ್ ಟೆಸ್ಟ್ ಅಂತಾರೆ. ಈಗ ತಾನೇ ಮಾಡ್ಕೊಂಡೆ, ನನಗೂ ನೋವಾಯ್ತು. ಮೊಬೈಲ್ ಒತ್ತಿ ಒತ್ತಿ ಬಂದಿರಬೇಕು. ಬಿ12 ಮಾತ್ರೆ ತಗೊಳ್ರಿ, ನರಕ್ಕೆ ಶಕ್ತಿ ಬರ್ತೈತಿ.

ಹೊನ್ನಾಳಿ ಬಸಣ್ಣ
ನಮ್ಮ ಮನೆಯವರಿಗೂ ಇದೇ ಆಗಿತ್ತು ತಂಗಿ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗೋದು, ಕೈ ಜಾಡಿಸಿದ್ರೆ ಸರಿ ಹೋಗೋದು. ನರದ ಟೆಸ್ಟ್ ಮಾಡಿಸಿ ಅಂಗೈ ಬುಡದಾಗೆ ಆಪರೇಷನ್ ಮಾಡಿದ್ರು. ಆವತ್ತು ರಾತ್ರಿನೇ ನಿದ್ದೆ ಬಂತು. ಧೈರ್ಯವಾಗಿ ಮಾಡಿಸಿಬಿಡು.

ಫಿಸಿಯೋ ರೇಣುಕಾ
ಬಸಣ್ಣ ಅಣ್ಣಾರೆ, ಅದು ಬೇರೆ ಕಾಯಿಲೆ, ಕಾರ್ಪಲ್ ಟನಲ್. ಅಲ್ಲಿ ಅಂಗೈ ಕಡೆ ನರ ಒತ್ತಿ ಬೆರಳು ಜೋಮು ಹಿಡಿಯುತ್ತೆ. ಮಂಜುಳಕ್ಕ ಜೋಮು ಅಂತ ಎಲ್ಲೂ ಬರೆದಿಲ್ಲ. ಅವರ ನೋವು ಕೈಯ ಹೆಬ್ಬೆರಳ ಅಂಚಲ್ಲಿ, ಅದೂ ಹೆಬ್ಬೆರಳು ಕೆಲಸ ಮಾಡಿದಾಗ.

ಪ್ರವೀಣ್, ದಯವಿಟ್ಟು ಇನ್ನೊಂದು ಕೈಗೂ ಅದೇ ಟೆಸ್ಟ್ ಮಾಡಿ ನೋಡಿ.

ಜಗಳೂರು ಪ್ರವೀಣ
ಮಾಡಿದೆ ಮೇಡಂ. ಎಡಗೈಗೂ ನೋವಾಯ್ತು. ಎರಡೂ ಕೈಗೆ ಬಂದೈತಾ?

ಫಿಸಿಯೋ ರೇಣುಕಾ
ಇಲ್ಲ. ಮುಷ್ಟಿ ಬಿಗಿಹಿಡಿದು ಜೋರಾಗಿ ಬಗ್ಗಿಸಿದ್ರೆ ಆರೋಗ್ಯವಾಗಿರೋ ಕೈಯೂ ಎಳೆದು ನೋಯುತ್ತೆ, ಅದಕ್ಕೇ ಎರಡೂ ಕಡೆ ಮಾಡಿಸಿದ್ದು. ನೀವು ಹೇಳಿದ್ದು ಅರ್ಧ ಸರಿ. ಆ ಮುಷ್ಟಿ ಟೆಸ್ಟು 1927ರಲ್ಲಿ ಐಕಾಫ್ ಬರೆದದ್ದು. 1930ರಲ್ಲಿ ಫಿಂಕೆಲ್‌ಸ್ಟೀನ್ ಬರೆದದ್ದರಲ್ಲಿ ಪರೀಕ್ಷೆ ಮಾಡೋರೇ ರೋಗಿಯ ಹೆಬ್ಬೆರಳು ಹಿಡಿದು ಕೈಯನ್ನ ಕಿರುಬೆರಳ ಕಡೆಗೆ ಎಳೀತಾರೆ. ಹೆಸರು ಮಾತ್ರ ಎಲ್ಲರ ಬಾಯಲ್ಲೂ ಅದಲು ಬದಲಾಗಿದೆ, ಎಷ್ಟೋ ಕ್ಲಿನಿಕ್ಕಲ್ಲೂ ಹಾಗೇ.

ನಾನು ಮೂರು ಹಂತದಲ್ಲಿ ಮಾಡ್ತೀನಿ. ಮುಂಗೈಯನ್ನ ಮೇಜಿನ ಮೇಲೆ ಕಿರುಬೆರಳ ಅಂಚು ಕೆಳಗಾಗುವ ಹಾಗೆ ಇಡಿಸಿ, ಹಸ್ತವನ್ನ ಮೇಜಿನ ಅಂಚಿನಾಚೆ ಸುಮ್ಮನೆ ಇಳಿಬಿಡಿಸ್ತೀನಿ. ಅದರ ಭಾರಕ್ಕೇ ನೋವಾದ್ರೆ ಅಲ್ಲಿಗೇ ನಿಲ್ಲಿಸ್ತೀನಿ, ಕಾಯಿಲೆ ಜೋರಾಗಿರೋರಿಗೆ ಅಷ್ಟೇ ಸಾಕು. ಆಗದಿದ್ರೆ ಹಸ್ತವನ್ನ ಮೆಲ್ಲಗೆ ಕೆಳಕ್ಕೆ ಒತ್ತೋದು. ಆಗಲೂ ಇಲ್ಲಾಂದ್ರೆ ಮಾತ್ರ ಹೆಬ್ಬೆರಳನ್ನ ಅಂಗೈ ಒಳಕ್ಕೆ ಬಗ್ಗಿಸೋದು. ನೋವು ಎಲ್ಲಿ ಬಂತು ಅಂತ ಒಂದೇ ಬೆರಳಲ್ಲಿ ತೋರಿಸೋಕೆ ಹೇಳ್ತೀನಿ. ಎಲುಬಿನ ಉಬ್ಬಿನ ಮೇಲೆ ತೋರಿಸಿದ್ರೆ ಇದೇ ಕಾಯಿಲೆಯ ಅನುಮಾನ. ಅದಕ್ಕಿಂತ ಕೆಳಗೆ, ಹೆಬ್ಬೆರಳು ಮಣಿಕಟ್ಟಿಗೆ ಕೂಡೋ ಕೀಲಲ್ಲಿ ತೋರಿಸಿದ್ರೆ ಕೀಲು ಸವೆದಿರಬಹುದು. ಐವತ್ತು ದಾಟಿದ ಹೆಂಗಸರಲ್ಲಿ ಅದನ್ನ ಮರೀಬಾರದು.

ಬಿ12 ಕೊರತೆಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಕೆಟ್ಟಿರೋದು ನರ ಅಲ್ಲ.

ಹರಿಹರದ ಸೌಮ್ಯ
ನನಗೆ ಬಾಣಂತನದಲ್ಲಿ ಬಂದಿತ್ತು. ಮಗುವಿನ ಕಂಕುಳಲ್ಲಿ ಹೆಬ್ಬೆರಳು ಅಗಲಿಸಿ ಕೈ ಹಾಕಿ ಎತ್ತೋದೇ ಕಾರಣ ಅಂದ್ರು. ಹೆಬ್ಬೆರಳನ್ನ ಉಳಿದ ಬೆರಳುಗಳ ಜೊತೆಗೇ ಸೇರಿಸ್ಕೊಂಡು, ಕೈಯನ್ನ ಮಗುವಿನ ಕುಂಡಿಯ ಕೆಳಗೆ ತಟ್ಟೆ ಥರ ಹಿಡಿದು ಎತ್ತೋದು ರೂಢಿ ಮಾಡಿಸಿದ್ರು. ಜೊತೆಗೆ ಸ್ಪ್ಲಿಂಟ್. ಮಗೂಗೆ ಹತ್ತು ತಿಂಗಳು ಆಗೋಷ್ಟರಲ್ಲಿ ತಾನಾಗೇ ಹೋಯ್ತು, ಸೂಜಿನೂ ಬೇಕಾಗಲಿಲ್ಲ. ನೀವೂ ಕಾಯಿರಿ ಅಕ್ಕ.

ಮೂಳೆ ಡಾಕ್ಟರ್, ಚಿತ್ರದುರ್ಗ
ಸೌಮ್ಯ ಅವರೇ, ಬಾಣಂತಿಯರದ್ದು ಬಹಳಷ್ಟು ಸಲ ಹಾಗೇ ಹೋಗುತ್ತೆ, ನಿಜ. ಹಾಲು ಬಿಡಿಸಿದ ಮೇಲೆ ಇಳಿದಿದ್ದನ್ನ ನಾನೂ ನೋಡಿದ್ದೀನಿ. ಆದ್ರೆ ಏಳು ತಿಂಗಳು ಕತ್ತರಿ ಹಿಡಿದ ಕೈಗೆ ಅದೇ ಲೆಕ್ಕ ಹಾಕೋಕಾಗಲ್ಲ.

ಮಂಜುಳಮ್ಮ, ನಾಲ್ಕು ಪ್ರಶ್ನೆ. ಇಂಜೆಕ್ಷನ್ ಹಾಕಿದ ಮೊದಲ ಒಂದು ಗಂಟೆಯಲ್ಲಿ ನೋವು ಪೂರ್ತಿ ಹೋಗಿತ್ತಾ? ಹೆಬ್ಬೆರಳು ಎತ್ತುವಾಗ ಒಮ್ಮೊಮ್ಮೆ ಸಿಕ್ಕಿಹಾಕ್ಕೊಂಡು ಟಕ್ ಅಂತ ಬಿಡುತ್ತಾ? ಸಕ್ಕರೆ ಕಾಯಿಲೆ ಇದೆಯಾ? ಸ್ಕ್ಯಾನ್ ನೋಡ್ಕೊಂಡು ಇಂಜೆಕ್ಷನ್ ಹಾಕಿದ್ರಾ, ಕೈಯಲ್ಲಿ ಮುಟ್ಟಿ ನೋಡಿ ಹಾಕಿದ್ರಾ?

ಟೈಲರ್ ಮಂಜುಳಾ, ದಾವಣಗೆರೆ
ಮುಟ್ಟಿ ನೋಡಿ ಹಾಕಿದ್ದು ಸರ್. ಆವತ್ತು ಆಟೋದಾಗೆ ಬರ್ತಾ ಹೆಬ್ಬೆರಳು ಆಡಿಸಿ ನೋಡಿದೆ, ಸುತ್ತ ಚರ್ಮ ಮರಗಟ್ಟಿತ್ತು, ಆದ್ರೆ ಒಳಗೆ ಒಂದು ಕಡೆ ನೋವು ಹಂಗೇ ಇತ್ತು. ಟಕ್ ಅನ್ನೋದು ಬೆಳಿಗ್ಗೆ ಎದ್ದಾಗ ಒಂದೆರಡು ಸಲ ಆಗೈತಿ. ಸಕ್ಕರೆ ಇಲ್ಲ.

ಮೂಳೆ ಡಾಕ್ಟರ್, ಚಿತ್ರದುರ್ಗ
ಹಾಗಿದ್ರೆ ಎರಡನೇ ಇಂಜೆಕ್ಷನ್ನಾ ಆಪರೇಷನ್ನಾ ಅನ್ನೋ ಮುಂಚೆ, ಮೊದಲನೇ ಔಷಧಿ ಎಲ್ಲಿಗೆ ಹೋಯ್ತು ಅಂತ ಕೇಳ್ಕೋಬೇಕು.

ನೀವು ಟೈಲರ್, ನಿಮಗೆ ಇದು ಬೇಗ ಅರ್ಥ ಆಗುತ್ತೆ. ಲಂಗಕ್ಕೆ ಲಾಡಿ ಹೋಗೋಕೆ ಪಟ್ಟಿ ಮಡಚಿ ಹೊಲೀತೀರಲ್ಲ, ಮಣಿಕಟ್ಟಿನ ಹೊರಗಡೆ ಅಂಥವು ಆರು ಇವೆ. ಹೆಬ್ಬೆರಳ ಕಡೆಯ ಮೊದಲನೇ ಪಟ್ಟಿ ಆ ಎಲುಬಿನ ಉಬ್ಬಿಗೆ ಬಿಗಿದ ಹಾಗಿರುತ್ತೆ, ಅದರೊಳಗೆ ಎರಡು ಲಾಡಿ ಜಾರ್ತವೆ. ದಪ್ಪದ್ದು ಹೆಬ್ಬೆರಳನ್ನ ಅಂಗೈಯಿಂದ ಆಚೆ ಅಗಲಿಸೋದು. ಸಣ್ಣದು ಹೆಬ್ಬೆರಳ ಹಿಂದಿನ ಗಂಟನ್ನ ನೆಟ್ಟಗೆ ಎತ್ತೋದು. ಜನ ಇದನ್ನೂ ನರ ಅಂತಾರೆ, ಆದ್ರೆ ಇವು ಮಾಂಸವನ್ನ ಎಲುಬಿಗೆ ಕಟ್ಟಿದ ಹುರಿಗಳು. ಕತ್ತರಿ ಬಾಯಿ ತೆಗೆದಾಗಲೆಲ್ಲ ಎರಡೂ ಒಟ್ಟಿಗೆ ಎಳೀತವೆ. ವರ್ಷಗಟ್ಟಲೆ ಹೀಗೆ ಉಜ್ಜಿ ಉಜ್ಜಿ ಪಟ್ಟಿಯ ಗೋಡೆ ದಪ್ಪ ಆಗುತ್ತೆ, ಒಳಗೆ ಜಾಗ ಸಾಲದೆ ಲಾಡಿ ಸಿಕ್ಕಿಹಾಕ್ಕೊಳುತ್ತೆ. 1895ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಸ್ ಡಿ ಕ್ವೆರ್ವೇನ್ ಬರೆದದ್ದು ಇದನ್ನೇ.

ಈಗ ಮುಖ್ಯ ವಿಷಯ. ಸಾಕಷ್ಟು ಜನರಲ್ಲಿ ಈ ಪಟ್ಟಿಯ ಮಧ್ಯೆ ಹುಟ್ಟಿನಿಂದಲೇ ಒಂದು ತೆಳು ಗೋಡೆ ಇರುತ್ತೆ. ಸಣ್ಣ ಲಾಡಿಗೆ ಬೇರೆ ಕೋಣೆ, ದಪ್ಪದ್ದಕ್ಕೆ ಬೇರೆ ಕೋಣೆ. ಸೂಜಿ ದೊಡ್ಡ ಕೋಣೆಗೆ ಹೋಗಿ ಔಷಧಿ ಅಲ್ಲೇ ತುಂಬಿದ್ರೆ, ಸಣ್ಣ ಕೋಣೆಗೆ ಹನಿಯೂ ಮುಟ್ಟಲ್ಲ. ನೋವು ಅರ್ಧ ಇಳಿದು ಅರ್ಧ ಉಳಿಯುತ್ತೆ. ಇಂಜೆಕ್ಷನ್ ಸೋತೋರಲ್ಲಿ, ಆಪರೇಷನ್‌ಗೆ ಬಂದೋರಲ್ಲಿ ಈ ಎರಡು ಕೋಣೆ ಹೆಚ್ಚಾಗೇ ಸಿಗುತ್ತೆ.

ನಿಮ್ಮ ಮಾತಿನಲ್ಲಿ ಮೂರು ಸುಳಿವಿದೆ. ಸ್ಟೆರಾಯ್ಡ್ ಜೊತೆ ಮರಗಟ್ಟಿಸೋ ಔಷಧಿ ಬೆರೆಸಿರ್ತೀವಿ, ಅದು ನಿಮಿಷಗಳಲ್ಲಿ ಕೆಲಸ ಮಾಡುತ್ತೆ. ಔಷಧಿ ಸರಿಯಾದ ಜಾಗಕ್ಕೆ ಪೂರ್ತಿ ಹೋಗಿದ್ರೆ ಆಟೋದಲ್ಲಿ ನಿಮಗೆ ನೋವೇ ಇರಬಾರದಿತ್ತು. ಎರಡನೇದು, ಬೆಳ್ಳಗಾಗಿ ಕುಸಿದ ಜಾಗ. ಔಷಧಿ ಸ್ವಲ್ಪ ಚರ್ಮದ ಕೆಳಗಿನ ಕೊಬ್ಬಿಗೆ ಸೋರಿದಾಗ ಹಾಗಾಗುತ್ತೆ. ಒಳಗೆ ಸರಿಯಾಗಿ ಹೋದಾಗಲೂ ಸೂಜಿ ತೆಗೆಯೋವಾಗ ಸೋರಬಹುದು, ಅದಕ್ಕೆ ಇದು ಸುಳಿವು ಅಷ್ಟೇ, ಸಾಕ್ಷಿ ಅಲ್ಲ. ಮೂರನೇದು ಆ ಟಕ್ ಅನ್ನೋದು. ಸಣ್ಣ ಲಾಡಿ ತನ್ನ ಕೋಣೆಯಲ್ಲಿ ಸಿಕ್ಕಿ ಬಿಡೋವಾಗ ಹಾಗಾಗೋದುಂಟು.

ನಿಮ್ಮ ಡಾಕ್ಟರಿಗೆ ಒಂದು ಪರೀಕ್ಷೆ ಮಾಡೋಕೆ ಕೇಳಿ. ಹೆಬ್ಬೆರಳನ್ನ ಅಂಗೈಯಿಂದ ಮುಂದಕ್ಕೆ ಎತ್ತೋಕೆ ಹೇಳಿ ಅವರು ತಡೀತಾರೆ. ಆಮೇಲೆ ಉಗುರಿನ ಹತ್ತಿರದ ಗಂಟು ಬಿಟ್ಟು ಅದರ ಹಿಂದಿನ ಗಂಟನ್ನ ನೆಟ್ಟಗೆ ಮಾಡೋಕೆ ಹೇಳಿ ತಡೀತಾರೆ. ಎರಡನೇದರಲ್ಲಿ ನೋವು ಹೆಚ್ಚಾದ್ರೆ ಸಣ್ಣ ಕೋಣೆಯ ಅನುಮಾನ ಬರುತ್ತೆ. ಇದೂ ಖಚಿತ ಅಲ್ಲ. ಅಲ್ಟ್ರಾಸೌಂಡ್ ಮಾಡಿದ್ರೆ ಗೋಡೆ ಕಾಣುತ್ತೆ, ನೋಡ್ತಾ ನೋಡ್ತಾ ಆ ಕೋಣೆಗೇ ಸೂಜಿ ಹಾಕಬಹುದು. ಮೊದಲನೇ ಇಂಜೆಕ್ಷನ್ ಆಗಿ ಆರು ವಾರ ದಾಟಿದೆ, ಆದ್ದರಿಂದ ಎರಡನೇದಕ್ಕೆ ಅಡ್ಡಿ ಇಲ್ಲ. ಅದೂ ಸೋತ್ರೆ ನಾನಾದ್ರೆ ಮೂರನೇದು ಹಾಕಲ್ಲ. ಕೈ ನೋಡದೆ ಇದಕ್ಕಿಂತ ಹೆಚ್ಚು ಹೇಳೋದು ತಪ್ಪಾಗುತ್ತೆ.

ಟೈಲರ್ ಮಂಜುಳಾ, ದಾವಣಗೆರೆ
ಸರ್, ಲಾಡಿ ಪಟ್ಟಿ ಅಂದ್ಮೇಲೆ ಈಗ ಕಣ್ಣಿಗೆ ಕಟ್ಟಿದಂಗಾಯ್ತು. ಒಂದು ಪಟ್ಟಿಗೆ ನಡುವೆ ಇನ್ನೊಂದು ಹೊಲಿಗೆ ಹಾಕಿದಂಗೆ. ಬಿಳಿ ಮಚ್ಚೆ ಹೋಗ್ತೈತಾ? ಕಪ್ಪು ಕೈ ನಂದು, ದೂರಕ್ಕೇ ಕಾಣ್ತೈತಿ. ಬಂದೋರೆಲ್ಲ ತೊನ್ನಾ ಅಂತ ಕೇಳ್ತಾರೆ.

ಮೂಳೆ ಡಾಕ್ಟರ್, ಚಿತ್ರದುರ್ಗ
ತೊನ್ನಲ್ಲ, ಬೇರೆ ಕಡೆ ಹರಡಲ್ಲ. ಬಹಳ ಜನರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಬಣ್ಣ ವಾಪಸ್ ಬರುತ್ತೆ, ಕೆಲವರಲ್ಲಿ ಉಳಿದುಬಿಡುತ್ತೆ. ನಮ್ಮಂಥ ಚರ್ಮದಲ್ಲಿ ಎದ್ದು ಕಾಣುತ್ತೆ ಅನ್ನೋದನ್ನ ಸೂಜಿಗೆ ಮುಂಚೆಯೇ ಹೇಳಬೇಕು. ನಾವು ಡಾಕ್ಟರುಗಳು ಎಷ್ಟೋ ಸಲ ಹೇಳಲ್ಲ, ಅದು ನಮ್ಮ ತಪ್ಪು.

ಚಳ್ಳಕೆರೆ ವೀರೇಶ
ನಮ್ಮಪ್ಪಗೆ ಶುಗರ್ ಐತಿ. ಭುಜಕ್ಕೆ ಇದೇ ಥರ ಸೂಜಿ ಹಾಕಿಸಿದ ಮೇಲೆ ನಾಲ್ಕೈದು ದಿನ ಶುಗರ್ 300 ದಾಟಿತ್ತು. ಯಾರೂ ಮೊದಲು ಹೇಳಿರಲಿಲ್ಲ. ಶುಗರ್ ಇದ್ದೋರು ಆ ವಾರ ದಿನಾ ಚೆಕ್ ಮಾಡ್ಕೊಳ್ರಿ.

ಮೊಳಕಾಲ್ಮೂರು ನೇಕಾರ
ನಾನು ಆಪರೇಷನ್ ಮಾಡಿಸ್ಕೊಂಡೋನು, ಮೂರು ವರ್ಷ ಆಯ್ತು. ಬೇಡ ಅನ್ನೋ ಸಂತೋಷ್ ಅವರಿಗೂ ಹೇಳ್ತೀನಿ, ಧೈರ್ಯವಾಗಿ ಮಾಡಿಸು ಅನ್ನೋ ಬಸಣ್ಣನವರಿಗೂ ಹೇಳ್ತೀನಿ. ನನಗೆ ಎರಡು ಇಂಜೆಕ್ಷನ್ ಆಗಿ ಪ್ರತಿ ಸಲ ಮೂರು ತಿಂಗಳು ಆರಾಮ, ಮತ್ತೆ ನೋವು. ಕೊನೆಗೆ ಕೈ ಮಾತ್ರ ಮರಗಟ್ಟಿಸಿ ಮಾಡಿದ್ರು, ಎಚ್ಚರವಾಗೇ ಇದ್ದೆ. ಎರಡು ಬೆರಳಗಲ ಕೊಯ್ದು ಪಟ್ಟಿ ಬಿಡಿಸಿದ್ರು. ಡಾಕ್ಟರ್ ನಡುವೆ ನಿಲ್ಲಿಸಿ, ಈಗ ಹೆಬ್ಬೆರಳು ಎತ್ತಿ ಅಂದ್ರು. ಎತ್ತಿದೆ, ನೋವಿರಲಿಲ್ಲ. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದ್ರು. ಒಂದೂವರೆ ತಿಂಗಳಿಗೆ ಮಗ್ಗಕ್ಕೆ ಕೂತೆ. ಆ ನೋವು ಮತ್ತೆ ಬಂದಿಲ್ಲ.

ಆದ್ರೆ ಹೆಬ್ಬೆರಳ ಹಿಂದಗಡೆ ಒಂದು ರೂಪಾಯಿ ಅಗಲ ಇವತ್ತಿಗೂ ಸ್ಪರ್ಶ ಇಲ್ಲ. ರೇಷ್ಮೆ ಎಳೆ ತಾಗಿದ್ರೆ ಗೊತ್ತಾಗಲ್ಲ. ಗಾಯದ ಮೇಲೆ ಬೆರಳಲ್ಲಿ ಕುಟ್ಟಿದ್ರೆ ಕರೆಂಟ್ ಹೊಡೆದಂಗೆ ಆಗುತ್ತೆ. ಮುಂಚೆ ಯಾರೂ ಹೇಳಿರಲಿಲ್ಲ.

ಚನ್ನಗಿರಿ ಸಂತೋಷ
ನೋಡಿದ್ರಾ? ಇದಕ್ಕೇ ನಾ ಹೇಳಿದ್ದು.

ಮೂಳೆ ಡಾಕ್ಟರ್, ಚಿತ್ರದುರ್ಗ
ಸಂತೋಷ್, ಅವರ ಮಗ್ಗ ನಡೀತಿದೆ ಅನ್ನೋದನ್ನೂ ಓದಿ.

ನೇಕಾರರೇ, ನೀವು ಹೇಳಿದ್ದು ಈ ಆಪರೇಷನ್ನಿನ ನಿಜವಾದ ಅಪಾಯ. ಪಟ್ಟಿಯ ಮೇಲೆ, ಚರ್ಮದ ಕೆಳಗೇ ಸ್ಪರ್ಶದ ಸಣ್ಣ ನರಗಳು ಹಾದುಹೋಗ್ತವೆ, ಇವು ನಿಜವಾಗಿಯೂ ನರಗಳು. ಕೊಯ್ದಾಗ ಅಥವಾ ಜೋರಾಗಿ ಎಳೆದು ಹಿಡಿದಾಗ ಪೆಟ್ಟಾದ್ರೆ ಹೀಗಾಗುತ್ತೆ. ಚರ್ಮ ಮಾತ್ರ ಚಾಕುವಿನಲ್ಲಿ ಕೊಯ್ದು, ಅಲ್ಲಿಂದ ಒಳಕ್ಕೆ ಬಿಡಿಸ್ಕೊಂಡೇ ಹೋಗಬೇಕು, ನರ ಕಂಡು ಪಕ್ಕಕ್ಕೆ ಸರಿಸಬೇಕು. ಕುಟ್ಟಿದ್ರೆ ಕರೆಂಟ್ ಹೊಡೆಯೋದು ಮೂರು ವರ್ಷ ಆದ್ರೂ ಇದೆ ಅಂದ್ರೆ ಇನ್ನೊಮ್ಮೆ ತೋರಿಸಿ.

ಇನ್ನೆರಡು ಕಡೆ ತಪ್ಪಾಗುತ್ತೆ. ದಪ್ಪ ಲಾಡಿ ಎಷ್ಟೋ ಜನರಲ್ಲಿ ಒಂದೇ ಎಳೆ ಆಗಿರಲ್ಲ, ಎರಡು ಮೂರು ಎಳೆ ಇರುತ್ತೆ. ಎರಡು ಎಳೆ ಕಂಡ ತಕ್ಷಣ ಎರಡೂ ಲಾಡಿ ಬಿಡಿಸಿದ್ವಿ ಅಂತ ಹೊಲಿದುಬಿಟ್ರೆ, ಸಣ್ಣದು ಅದರ ಕೋಣೆಯಲ್ಲಿ ಹಾಗೇ ಉಳಿಯುತ್ತೆ, ನೋವೂ ಉಳಿಯುತ್ತೆ. ಅದಕ್ಕೇ ಎಳೆಯನ್ನ ಹಿಡಿದು ಎಳೆದು ನೋಡ್ಬೇಕು. ಹೆಬ್ಬೆರಳ ಹಿಂದಿನ ಗಂಟು ಎದ್ರೆ ಮಾತ್ರ ಅದು ಸಣ್ಣ ಲಾಡಿ. ನಿಮಗೆ ಹೆಬ್ಬೆರಳು ಎತ್ತಿಸಿದ್ದೂ ಅದೇ ಕಾರಣಕ್ಕೆ. ಇನ್ನೊಂದು, ಪಟ್ಟಿಯನ್ನ ಮುಂಗೈಯ ಹಿಂಬದಿಯ ಅಂಚಲ್ಲಿ ಬಿಚ್ಚಿದ್ರೆ ಮುಂದಿನ ಭಾಗ ತಡೆಗೋಡೆ ಥರ ನಿಲ್ಲುತ್ತೆ. ಪಟ್ಟಿ ಪೂರ್ತಿ ಕಿತ್ತು ತೆಗೆದ್ರೆ ಕೈ ಬಗ್ಗಿಸಿದಾಗಲೆಲ್ಲ ಲಾಡಿ ಎಲುಬಿನ ಮೇಲಿಂದ ಜಾರಿ ಮುಂದಕ್ಕೆ ಬರುತ್ತೆ.

ಫಿಸಿಯೋ ರೇಣುಕಾ
ಸ್ಪ್ಲಿಂಟ್ ಬಗ್ಗೆ ಒಂದು ಮಾತು, ಮಂಜುಳಕ್ಕ ಬೇಜಾರಾಗ್ಬೇಡಿ. ಕಟಿಂಗ್ ಮಾಡೋವಾಗ ಬಿಚ್ಚಿಟ್ರೆ ಅದನ್ನ ಹಾಕ್ಕೊಂಡಿದ್ದು ಲೆಕ್ಕಕ್ಕೆ ಬರಲ್ಲ, ನೋವು ತರೋ ಕೆಲಸದಲ್ಲೇ ಅದು ಕೈಯಲ್ಲಿರಬೇಕಿತ್ತು. ಇನ್ನು ಅಂಗಡೀಲಿ ಸಿಗೋ ಎಷ್ಟೋ ಬ್ಯಾಂಡ್ ಮಣಿಕಟ್ಟು ಮಾತ್ರ ಹಿಡೀತವೆ, ಹೆಬ್ಬೆರಳು ಆಡ್ತಾನೇ ಇರುತ್ತೆ. ಹೆಬ್ಬೆರಳ ಹಿಂದಿನ ಗಂಟಿನವರೆಗೂ ಹಿಡಿದಿರಬೇಕು, ಉಗುರಿನ ಹತ್ತಿರದ ಗಂಟು ಬಿಟ್ಟಿರಬೇಕು. ಸ್ಪ್ಲಿಂಟಿನ ಪಟ್ಟಿ ಎಲುಬಿನ ಉಬ್ಬಿನ ಮೇಲೇ ಬಿಗಿದ್ರೆ ಅಲ್ಲಿಯ ನರ ಒತ್ತಿ ಹೊಸದಾಗಿ ಉರಿ ಶುರುವಾಗುತ್ತೆ.

ನಿಮ್ಮ ಅತ್ತೆಯವರಿಗೆ ಹೇಳಿ, ಆ ಉಬ್ಬಿನ ಮೇಲೆ ಹೆಬ್ಬೆರಳಿಟ್ಟು ತಿಕ್ಕಿಸೋದು ಬೇಡ. ಹಾಗೆ ತಿಕ್ಕಿಸ್ಕೊಂಡು ಊದಿಸ್ಕೊಂಡು ಬಂದೋರು ನನ್ನ ಹತ್ರ ತಿಂಗಳಿಗೆ ಒಬ್ಬರಾದ್ರೂ ಇರ್ತಾರೆ.

ಹೊನ್ನಾಳಿ ಬಸಣ್ಣ
ನಾನು ತಪ್ಪು ತಿಳ್ಕೊಂಡೆ ತಂಗಿ, ಬೇರೆ ಕಾಯಿಲೆ ಅಂತ ಈಗ ಗೊತ್ತಾಯ್ತು. ಸ್ಕ್ಯಾನಿಗೆ ಯಾವಾಗ ಹೋಗ್ತೀಯ?

ಹರಿಹರದ ಸೌಮ್ಯ
ಅಕ್ಕ, ನನ್ನ ಎರಡು ಬ್ಲೌಸ್ ನಿಮ್ಮ ಹತ್ರಾನೇ ಇದಾವಾ ಅಂತ ಅನುಮಾನ ಬರ್ತಿದೆ. ನೀರಿನ ಟ್ಯಾಂಕ್ ಹತ್ರದ ಮನೆನಾ? ಹಾಗಿದ್ರೆ ಅವಸರ ಇಲ್ಲ, ಕೈ ವಾಸಿ ಆದ್ಮೇಲೆ ಕೊಡಿ.

ಟೈಲರ್ ಮಂಜುಳಾ, ದಾವಣಗೆರೆ
ಅಲ್ಲ ಸೌಮ್ಯ, ನಮ್ಮದು ಬೇರೆ ಕಡೆ. ಆದ್ರೂ ಹಂಗೆ ಹೇಳಿದ್ದಕ್ಕೆ ಖುಷಿಯಾಯ್ತು.

ಟೈಲರ್ ಮಂಜುಳಾ, ದಾವಣಗೆರೆ (ಏಳು ವಾರದ ನಂತರ)
ಏನಾಯ್ತು ಅಂತ ಹೇಳ್ತೀನಿ ಅಂದಿದ್ದೆ ಕೆಲವರಿಗೆ. ನಮ್ಮ ಡಾಕ್ಟರಿಗೆ ಆ ಎರಡು ಪರೀಕ್ಷೆ ಮಾಡೋಕೆ ಕೇಳಿದೆ, ಬೇಜಾರಿಲ್ಲದೆ ಮಾಡಿದ್ರು. ಗಂಟು ಎತ್ತೋದನ್ನ ತಡೆದಾಗ ನೋವು ಜಾಸ್ತಿ. ಸ್ಕ್ಯಾನಿಗೆ ಬರೆದುಕೊಟ್ರು. ಸ್ಕ್ಯಾನ್ ಮಾಡಿದ ಮೇಡಂ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದ್ರು. ಕಪ್ಪು ಬಿಳುಪಿನಾಗೆ ಎರಡು ಗುಂಡು, ಒಂದು ದೊಡ್ಡದು, ಒಂದು ಹೆಸರುಕಾಳಿನಷ್ಟು, ನಡುವೆ ಗೆರೆ ಎಳೆದಂಗೆ ಗೋಡೆ. ಸಣ್ಣದರ ಸುತ್ತ ಕಪ್ಪಗೆ ನೀರು ತುಂಬಿತ್ತು. ದೊಡ್ಡದು ಹೆಚ್ಚುಕಡಿಮೆ ಸರಿಯಾಗೇ ಐತಿ ಅಂದ್ರು.

ಅಲ್ಲೇ ನೋಡ್ತಾ ಸಣ್ಣ ಕೋಣೆಗೆ ಇಂಜೆಕ್ಷನ್ ಹಾಕಿದ್ರು. ಸೂಜಿ ಬೆಳ್ಳಗೆ ಗೆರೆ ಥರ ಒಳಗೆ ಬರೋದು ಕಾಣ್ತಿತ್ತು. ಹತ್ತು ನಿಮಿಷ ಬಿಟ್ಟು ಕೈ ಬಗ್ಗಿಸಿದ್ರು, ಏಳು ತಿಂಗಳಾಗೆ ಮೊದಲ ಸಲ ಏನೂ ಆಗಲಿಲ್ಲ. ಆಮೇಲೆ ಮೂರು ವಾರ ಸ್ಪ್ಲಿಂಟ್, ಕಟಿಂಗ್ ಪೂರ್ತಿ ಬಂದ್, ಮಗಳು ಕಟ್ ಮಾಡಿಕೊಟ್ಲು, ನಾನು ಮಷಿನ್ ಮಾತ್ರ ತುಳಿದೆ. ಈಗ ಬಟ್ಟೆ ಹಿಂಡ್ತೀನಿ, ಹಾಲಿನ ಪಾತ್ರೆ ಎತ್ತುತೀನಿ. ಅರ್ಧ ಗಂಟೆ ಕತ್ತರಿ ಹಿಡಿದ ಮೇಲೆ ಸಣ್ಣಗೆ ಎಳೀತೈತಿ. ಬಿಳಿ ಮಚ್ಚೆ ಹಂಗೇ ಐತಿ.

ಮೊಳಕಾಲ್ಮೂರು ನೇಕಾರ
ಒಳ್ಳೇದಾಯ್ತಮ್ಮ. ಆದ್ರೆ ನನಗೂ ಮೂರು ತಿಂಗಳು ಹೀಗೇ ಇತ್ತು. ನನ್ನ ಸೂಜಿ ಎರಡೂ ಮುಟ್ಟಿ ಹಾಕಿದ್ದು, ನಿಮ್ಮದು ನೋಡಿ ಹಾಕಿದ್ದು. ಅದರಿಂದ ಎಷ್ಟು ವ್ಯತ್ಯಾಸ ಆಗುತ್ತೋ ನೋಡ್ಬೇಕು.

ಮೂಳೆ ಡಾಕ್ಟರ್, ಚಿತ್ರದುರ್ಗ
ನೇಕಾರರ ಮಾತನ್ನ ತಳ್ಳಿಹಾಕೋಕಾಗಲ್ಲ. ಸ್ಕ್ಯಾನ್ ನೋಡಿ ಹಾಕಿದ್ರೂ ಮರಳಿ ಬಂದೋರಿದಾರೆ. ಅರ್ಧ ಗಂಟೆಗೆ ಎಳೀತಿದ್ರೆ ಇಪ್ಪತ್ತು ನಿಮಿಷಕ್ಕೇ ಕತ್ತರಿ ಕೆಳಗಿಡಿ. ಬೆಳಿಗ್ಗೆ ಟಕ್ ಅನ್ನೋದು ಮತ್ತೆ ಶುರುವಾದ್ರೆ ಕಾಯಬೇಡಿ, ತೋರಿಸಿ. ಆಪರೇಷನ್ ಮಾತು ಬಂದ್ರೆ ಈ ಸ್ಕ್ಯಾನ್ ರಿಪೋರ್ಟ್ ಸರ್ಜನ್ ಕೈಗೆ ಕೊಡಿ, ಸಣ್ಣ ಕೋಣೆ ಹುಡುಕೋಕೆ ಅವರಿಗೆ ಅನುಕೂಲ.

ದಾವಣಗೆರೆ ರಫೀಕ್ ಟೈಲರ್
ಅಕ್ಕ, ಮೂವತ್ತು ವರ್ಷದಿಂದ ಪ್ಯಾಂಟ್ ಕಟಿಂಗ್ ಮಾಡ್ತಿದೀನಿ. ನಿಮ್ಮ ಕತ್ತರಿಯ ನಟ್ಟು ಎಷ್ಟು ಬಿಗಿ ಐತಿ ನೋಡ್ರಿ. ಒಂದು ಹಿಡಿ ಎತ್ತಿ ಬಿಟ್ರೆ ಅದು ತಾನಾಗೇ ಮೆಲ್ಲಗೆ ಇಳೀಬೇಕು. ಇಳೀದಿದ್ರೆ ಬಾಯಿ ತೆಗೆಯೋ ಭಾರ ಎಲ್ಲಾ ಹೆಬ್ಬೆರಳಿಗೇ ಬೀಳ್ತೈತಿ. ಲೈನಿಂಗ್ ನಾಲ್ಕು ಪದರ ಒಟ್ಟಿಗೆ ಇಟ್ಟು ಕಟ್ ಮಾಡಬೇಡ್ರಿ, ಎರಡೇ ಇಡ್ರಿ.

ಟೈಲರ್ ಮಂಜುಳಾ, ದಾವಣಗೆರೆ
ಈಗಲೇ ನೋಡಿದೆ ಅಣ್ಣ, ಎತ್ತಿ ಬಿಟ್ರೆ ಅಲ್ಲೇ ನಿಲ್ತೈತಿ, ಅಲುಗಾಡಲ್ಲ. ಸಾಣೆ ಹಿಡಿಸಿ ಎರಡು ವರ್ಷ ಆಗೈತಿ. ನಾಳೆ ಬೆಳಿಗ್ಗೆ ಮೊದಲು ಅದನ್ನ ಸಾಣೆಗೆ ಕೊಟ್ಟು ನಟ್ಟು ಸಡಿಲ ಮಾಡಿಸ್ತೀನಿ.